ಬೇಸಿಗೆಯಲ್ಲಿ ಏರುವ ಭೂಸಂಪರ್ಕದ ರೋಧ: ಅಳತೆಯನ್ನು ಅರ್ಥಮಾಡಿಕೊಳ್ಳುವ ಬಗೆ

ನೀರಾವರಿ ಪಂಪುಸೆಟ್ಟಿನ ಅರ್ತಿಂಗ್ ಗುಂಡಿಯನ್ನು ಸೆಪ್ಟೆಂಬರಿನಲ್ಲಿ ಅಳೆದಾಗ 12 ಓಮ್ ತೋರಿಸಿದ ಮಾಪಕವು ಏಪ್ರಿಲ್ ಕೊನೆಯಲ್ಲಿ 46 ಓಮ್ ತೋರಿಸುವುದುಂಟು. ಗುಂಡಿ ಅದೇ, ಪೈಪು ಅದೇ, ತಂತಿಯೂ ಅದೇ. ಇಂತಹ ಸಂದರ್ಭದಲ್ಲಿ ಮಾಪಕವೇ ಕೆಟ್ಟಿದೆ ಎನ್ನುವವರಿದ್ದಾರೆ. ಗುಂಡಿಗೆ ನಾಲ್ಕು ಕೊಡ ನೀರು ಸುರಿದು, ಮತ್ತೆ ಅಳೆದು, ಸರಿಹೋಯಿತೆಂದು ಬರೆದುಕೊಂಡು ಹೋಗುವವರೂ ಇದ್ದಾರೆ. ಎರಡೂ ತಪ್ಪು. ಬೇಸಿಗೆಯ ಅಳತೆ ಸುಳ್ಳಲ್ಲ. ಪಂಪುಮನೆಯಲ್ಲಿ ಒದ್ದೆಗಾಲಿನಲ್ಲಿ ನಿಂತು ಸ್ಟಾರ್ಟರ್ ಮುಟ್ಟುವವನ ಜೀವ ಅವಲಂಬಿಸಿರುವುದು ವರ್ಷದ ಅತ್ಯಂತ ಕೆಟ್ಟ ಅಳತೆಯ ಮೇಲೆಯೇ. ಈ ಅಳತೆ ಏಕೆ ಏರುತ್ತದೆ, ಏರಿದ ಅಳತೆಯಲ್ಲಿ ಬೇಸಿಗೆಯ ಪಾಲೆಷ್ಟು, ದೋಷದ ಪಾಲೆಷ್ಟು ಮತ್ತು ಎಷ್ಟರವರೆಗೆ ಅದನ್ನು ಒಪ್ಪಬಹುದು ಎಂಬುದನ್ನು ತಿಳಿದುಕೊಂಡರೆ ಮಾಪಕದ ಅಂಕಿ ಉಪಯೋಗಕ್ಕೆ ಬರುತ್ತದೆ.

ಏರಿಕೆಗೆ ಕಾರಣ

ಮಣ್ಣಿನ ಕಣಗಳು ತಾವಾಗಿ ವಿದ್ಯುತ್ತನ್ನು ಒಯ್ಯುವುದಿಲ್ಲ. ಕಣಗಳ ಸುತ್ತ ತೆಳುವಾದ ಪೊರೆಯಂತೆ ಹಿಡಿದಿರುವ ನೀರು, ಆ ನೀರಿನಲ್ಲಿ ಕರಗಿರುವ ಲವಣಗಳು ಸೇರಿ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತವೆ. ತೇವ ಸಾಕಷ್ಟಿರುವಾಗ ಈ ಪೊರೆಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಮಣ್ಣು ಒಣಗಿದಂತೆ ಪೊರೆ ತೆಳುವಾಗಿ, ಕೊನೆಗೆ ಅಲ್ಲಲ್ಲಿ ಹರಿದುಹೋಗುತ್ತದೆ. ಆದ್ದರಿಂದ ರೋಧವು ತೇವದೊಡನೆ ಸಮಪ್ರಮಾಣದಲ್ಲಿ ಬದಲಾಗುವುದಿಲ್ಲ. ಭೂಸಂಪರ್ಕಕ್ಕೆ ಸಂಬಂಧಿಸಿದ ಭಾರತೀಯ ಮಾನಕ 3043 ಹೇಳುವಂತೆ, ಒಣ ಮಣ್ಣಿನ ತೂಕದ ಶೇಕಡ 20ಕ್ಕಿಂತ ಹೆಚ್ಚು ತೇವವಿದ್ದಾಗ ರೋಧದಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಅದಕ್ಕಿಂತ ಕೆಳಗೆ ಇಳಿದರೆ ರೋಧ ಥಟ್ಟನೆ ಏರುತ್ತದೆ. ಡಿಸೆಂಬರಿನವರೆಗೆ ನಿಧಾನವಾಗಿ ಏರುತ್ತಿದ್ದ ಅಳತೆಯು ಫೆಬ್ರವರಿಯ ನಂತರ ಒಮ್ಮೆಲೇ ಜಿಗಿಯುವುದಕ್ಕೆ ಇದೇ ಕಾರಣ.

ಎರಡನೆಯ ಸಂಗತಿಯೂ ಮುಖ್ಯವಾದದ್ದು. ಗುಂಡಿಯ ರೋಧವೆಲ್ಲ ಹೊಲದ ತುಂಬ ಸಮನಾಗಿ ಹಂಚಿಕೊಂಡಿರುವುದಿಲ್ಲ. ಪೈಪಿಗೆ ಅಂಟಿಕೊಂಡಿರುವ ಮಣ್ಣಿನಲ್ಲಿ ವಿದ್ಯುತ್ತಿಗೆ ದಾರಿ ಇಕ್ಕಟ್ಟು. ದೂರ ಹೋದಂತೆ ದಾರಿ ಅಗಲವಾಗುತ್ತದೆ. ಆದ್ದರಿಂದ ಒಟ್ಟು ರೋಧದ ಅರ್ಧಕ್ಕಿಂತ ಹೆಚ್ಚು ಭಾಗ ಪೈಪಿನ ಸುತ್ತಲಿನ ಒಂದು ಒಂದೂವರೆ ಅಡಿ ಮಣ್ಣಿನಲ್ಲಿಯೇ ಇರುತ್ತದೆ. ಆ ಸ್ವಲ್ಪ ಮಣ್ಣು ಒಣಗಿದರೂ ಅಳತೆ ಬಹಳ ಏರುತ್ತದೆ. ಅದಕ್ಕೆ ಮಾತ್ರ ನೀರು ಕುಡಿಸಿದರೂ ಬಹಳ ಇಳಿಯುತ್ತದೆ.

ಕೆಂಪು ಮಣ್ಣಿನಲ್ಲಿ, ಅದರಲ್ಲಿಯೂ ಗರಸು ಬೆರೆತ ಕಡೆ, ನೀರು ಬೇಗ ಇಂಗಿಹೋಗಿ ಮೇಲಿನ ಪದರ ಬೇಗ ಒಣಗುತ್ತದೆ. ಎಂಟು ಅಡಿಯ ಪೈಪಿನಲ್ಲಿ ಮೇಲಿನ ಮೂರು ನಾಲ್ಕು ಅಡಿ ಒಣ ಮಣ್ಣಿನಲ್ಲಿದ್ದರೆ ಅಷ್ಟು ಭಾಗ ಕೆಲಸಕ್ಕೆ ಬಾರದಂತಾಗುತ್ತದೆ. ಎರೆ ಭೂಮಿಯ ರೋಧ ಸ್ವಭಾವತಃ ಕಡಿಮೆ. ಆದರೆ ಬೇಸಿಗೆಯಲ್ಲಿ ಅದು ಕುಗ್ಗಿ ಬಿರುಕು ಬಿಡುತ್ತದೆ. ಬಿರುಕು ಪೈಪಿನ ಪಕ್ಕದಲ್ಲಿಯೇ ಬಿದ್ದರೆ ಮಣ್ಣಿಗೂ ಪೈಪಿಗೂ ನಡುವೆ ಗಾಳಿ ಸೇರಿ, ಒಳ್ಳೆಯ ಮಣ್ಣಿದ್ದೂ ಅಳತೆ ಏರುತ್ತದೆ.

ಅಳೆಯುವ ಕ್ರಮ

ಅಳೆಯುವ ಮುನ್ನ ಮೈನ್ ಸ್ವಿಚ್ಚನ್ನು ಆರಿಸಿ, ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಬೇಕು. ಆ ಮೇಲೆಯೇ ಗುಂಡಿಯಿಂದ ಬರುವ ಅರ್ತ್ ತಂತಿಯನ್ನು ಬಿಚ್ಚಬೇಕು. ವಿದ್ಯುತ್ ಇರುವಾಗ ಈ ತಂತಿಯನ್ನು ಬಿಚ್ಚಿದರೆ, ಸೋರಿಕೆಯೇನಾದರೂ ಇದ್ದಲ್ಲಿ ಬಿಚ್ಚಿದವನ ಕೈಯೇ ಅದಕ್ಕೆ ದಾರಿಯಾಗುತ್ತದೆ. ನಿಯಮದಂತೆ ಎರಡು ಗುಂಡಿಗಳಿದ್ದರೆ ಒಂದೊಂದನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಅರ್ತ್ ಟೆಸ್ಟರಿನ ಒಂದು ತಂತಿಯನ್ನು ಗುಂಡಿಯ ಪೈಪಿಗೆ ಕಟ್ಟಿ, ಪೈಪಿನಿಂದ 30 ಮೀಟರ್ ದೂರದಲ್ಲಿ ಒಂದು ಕಬ್ಬಿಣದ ಗೂಟವನ್ನು ನೆಡಬೇಕು. ಇದು ವಿದ್ಯುತ್ತನ್ನು ಹರಿಸುವ ಗೂಟ. ಇವೆರಡರ ನಡುವೆ, ಅದೇ ನೇರದಲ್ಲಿ, ಪೈಪಿನಿಂದ 18.5 ಮೀಟರ್ ದೂರದಲ್ಲಿ ಎರಡನೆಯ ಗೂಟ ನೆಡಬೇಕು. ಇದು ವೋಲ್ಟೇಜನ್ನು ಅಳೆಯುವ ಗೂಟ. ಒಟ್ಟು ದೂರದ ಶೇಕಡ 62ರಷ್ಟು ಎಂಬುದು ಇಲ್ಲಿಯ ಲೆಕ್ಕ. ಒಂದು ಸಲ ಅಳೆದ ಮೇಲೆ ನಡುವಿನ ಗೂಟವನ್ನು 3 ಮೀಟರ್ ಈಚೆಗೆ ಒಮ್ಮೆ, 3 ಮೀಟರ್ ಆಚೆಗೆ ಒಮ್ಮೆ ಸರಿಸಿ ಮತ್ತೆರಡು ಸಲ ಅಳೆಯಬೇಕು. ಮೂರು ಅಳತೆಗಳು 44, 46, 47 ಓಮ್ ಹೀಗೆ ಹತ್ತಿರ ಹತ್ತಿರ ಬಂದರೆ ನಡುವಿನದನ್ನು ನಂಬಬಹುದು. 31, 46, 63 ಹೀಗೆ ಬಂದರೆ ಅಳತೆಯೇ ಸರಿಯಿಲ್ಲ. ದೂರದ ಗೂಟ ಸಾಲದಷ್ಟು ಹತ್ತಿರವಿದೆ, ಇಲ್ಲವೇ ನಡುವೆ ನೆಲದೊಳಗೆ ಕಬ್ಬಿಣದ ಪೈಪುಸಾಲು ಹಾದುಹೋಗಿದೆ ಎಂದು ತಿಳಿದು, ಗೂಟಗಳನ್ನು ಬೇರೆ ದಿಕ್ಕಿಗೆ ಸಾಗಿಸಿ ಅಳೆಯಬೇಕು.

ಬೇಸಿಗೆಯಲ್ಲಿ ಗೂಟಗಳ ಬುಡವೂ ಒಣಗಿರುವುದರಿಂದ ಮಾಪಕದ ಮುಳ್ಳು ನಿಲ್ಲದೆ ಅಲ್ಲಾಡಬಹುದು. ಆಗ ಗೂಟಗಳ ಬುಡಕ್ಕೆ ಒಂದೊಂದು ತಂಬಿಗೆ ನೀರು ಹಾಕಬಹುದು. ಅದು ಗುಂಡಿಯ ಅಳತೆಯನ್ನು ಬದಲಿಸುವುದಿಲ್ಲ. ಆದರೆ ಗುಂಡಿಗೆ ಮಾತ್ರ ಅಳೆಯುವ ಮುನ್ನ ನೀರು ಹಾಕಕೂಡದು. ಹಾಕಿದರೆ ಸಿಗುವುದು ಬೇಸಿಗೆಯ ಅಳತೆಯಲ್ಲ.

ಬಲ್ಬು ಹಚ್ಚಿ ನೋಡುವ ರೂಢಿ

ಟೆಸ್ಟರ್ ಇಲ್ಲದ ಕಡೆ, ಒಂದು ಫೇಸಿಗೂ ಅರ್ತ್ ತಂತಿಗೂ ನಡುವೆ 100 ವ್ಯಾಟಿನ ಬಲ್ಬು ಹಚ್ಚಿ, ಅದು ಚೆನ್ನಾಗಿ ಉರಿದರೆ ಅರ್ತಿಂಗ್ ಒಳ್ಳೆಯದೆಂದು ಹೇಳುವ ಪದ್ಧತಿ ಹಳ್ಳಿಗಳಲ್ಲಿದೆ. ಇದನ್ನು ನಂಬಬಾರದು. ಉರಿಯುವ 100 ವ್ಯಾಟಿನ ಬಲ್ಬಿನ ರೋಧವೇ ಸುಮಾರು 530 ಓಮ್. ಗುಂಡಿ 12 ಓಮ್ ಇದ್ದಾಗ ಬಲ್ಬಿಗೆ ಸುಮಾರು 225 ವೋಲ್ಟ್ ಸಿಗುತ್ತದೆ. 46 ಓಮ್ ಇದ್ದಾಗ ಸುಮಾರು 211 ವೋಲ್ಟ್ ಸಿಗುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಕಾಣಿಸುವುದೇ ಕಷ್ಟ. ತಂತಿ ಪೂರ್ತಿ ತುಂಡಾಗಿದ್ದರೆ ಮಾತ್ರ ಬಲ್ಬು ಅದನ್ನು ತಿಳಿಸುತ್ತದೆ. ಅದಲ್ಲದೆ ತುಂಡಾದ ಅರ್ತ್ ತಂತಿಗೆ ಬಲ್ಬಿನ ಮೂಲಕ ಫೇಸನ್ನು ಕೊಟ್ಟಾಗ, ಆ ತಂತಿಗೆ ಸೇರಿದ ಮೋಟಾರು, ಪೆಟ್ಟಿಗೆಗಳೆಲ್ಲ ಮುಟ್ಟಿದವರಿಗೆ ಹೊಡೆಯುವಂತಾಗುತ್ತವೆ.

46 ಓಮ್ ಎಂದರೇನು?

ಕೋಲಾರದ ಕಡೆಯ ಕೆಂಪು ಮಣ್ಣಿನ ಒಂದು ತೋಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 5 ಅಶ್ವಶಕ್ತಿಯ ಮೂರು ಫೇಸಿನ ಪಂಪು. ಎರಡೂವರೆ ಮೀಟರ್ ಜಿ.ಐ. ಪೈಪಿನ ಗುಂಡಿ, ಮೈನ್ ಸ್ವಿಚ್ಚಿನಲ್ಲಿ 20 ಆಂಪಿಯರ್ ಫ್ಯೂಸು. ಗುಂಡಿಯ ಅಳತೆಗಳು ಹೀಗಿವೆ:

ಸೆಪ್ಟೆಂಬರ್ – 12 ಓಮ್
ಡಿಸೆಂಬರ್ – 17 ಓಮ್
ಫೆಬ್ರವರಿ – 28 ಓಮ್
ಏಪ್ರಿಲ್ ಕೊನೆ – 46 ಓಮ್
ಜುಲೈ – 14 ಓಮ್

ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಯೊಳಗೆ ಬರುವ ಫೇಸ್ ತಂತಿಯ ಹೊದಿಕೆ ಅಂಚಿಗೆ ಉಜ್ಜಿ ಸವೆದು, ತಂತಿ ಪೆಟ್ಟಿಗೆಗೆ ತಾಗಿತು ಎಂದು ಭಾವಿಸಬೇಕು. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಇದನ್ನು ಅರಿಯಲಾರದು, ಏಕೆಂದರೆ ತಂತಿ ತಾಗಿರುವುದು ಅದಕ್ಕಿಂತ ಹಿಂದೆ. ವಿದ್ಯುತ್ತು ಪೆಟ್ಟಿಗೆಯಿಂದ ಗುಂಡಿಗೆ, ಗುಂಡಿಯಿಂದ ನೆಲಕ್ಕೆ, ನೆಲದಿಂದ ಟ್ರಾನ್ಸ್‌ಫಾರ್ಮರಿನ ಭೂಸಂಪರ್ಕಕ್ಕೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿನ ಭೂಸಂಪರ್ಕವು ಸೆಪ್ಟೆಂಬರಿನಲ್ಲಿ 4 ಓಮ್, ಏಪ್ರಿಲಿನಲ್ಲಿ 8 ಓಮ್ ಇದ್ದರೆ ಲೆಕ್ಕ ಹೀಗಾಗುತ್ತದೆ.

ಸೆಪ್ಟೆಂಬರಿನಲ್ಲಿ ಒಟ್ಟು ರೋಧ 16 ಓಮ್. 230 ವೋಲ್ಟನ್ನು 16ರಿಂದ ಭಾಗಿಸಿದರೆ 14.4 ಆಂಪಿಯರ್. ಅದನ್ನು ಗುಂಡಿಯ 12 ಓಮಿನಿಂದ ಗುಣಿಸಿದರೆ ಪೆಟ್ಟಿಗೆಯ ಮೇಲಿರುವ ವೋಲ್ಟೇಜು ಸಿಗುತ್ತದೆ: ಸುಮಾರು 172. ಏಪ್ರಿಲಿನಲ್ಲಿ ಒಟ್ಟು ರೋಧ 54 ಓಮ್. ಹರಿಯುವುದು 4.3 ಆಂಪಿಯರ್ ಮಾತ್ರ. ಪೆಟ್ಟಿಗೆಯ ಮೇಲೆ ಸುಮಾರು 196 ವೋಲ್ಟ್.

ಈ ಲೆಕ್ಕದಲ್ಲಿ ಗಮನಿಸಬೇಕಾದ ಮಾತೊಂದಿದೆ. 20 ಆಂಪಿಯರ್ ಫ್ಯೂಸು ಏಪ್ರಿಲಿನಲ್ಲಿ ಹೋಗುವುದಿಲ್ಲ, ಸೆಪ್ಟೆಂಬರಿನಲ್ಲಿಯೂ ಹೋಗುವುದಿಲ್ಲ. ಎರಡು ಕಾಲದಲ್ಲಿಯೂ ಪೆಟ್ಟಿಗೆ ಪ್ರಾಣಾಂತಕವೇ. ಗುಂಡಿ 5 ಓಮಿಗಿಂತ ಕಡಿಮೆ ಇದ್ದರೆ ಸಾಕೆಂಬ ಮಾತು ಬಹಳ ಕಡೆ ಬಳಕೆಯಲ್ಲಿದೆ. ಗುಂಡಿ 5 ಓಮ್, ಟ್ರಾನ್ಸ್‌ಫಾರ್ಮರು 4 ಓಮ್ ಇದ್ದರೂ ಹರಿಯುವುದು 26 ಆಂಪಿಯರಿಗಿಂತ ಕಡಿಮೆ. 20 ಆಂಪಿಯರ್ ಫ್ಯೂಸು ಅಷ್ಟನ್ನು ಬಹಳ ಹೊತ್ತು ತಾಳಿಕೊಳ್ಳಬಲ್ಲದು. ಕೆಲವೇ ಸೆಕೆಂಡಿನಲ್ಲಿ ಅದು ಕರಗಬೇಕಾದರೆ ನಾಲ್ಕೈದು ಪಟ್ಟು ಪ್ರವಾಹ ಬೇಕು. ಅದಕ್ಕೆ ಎರಡೂ ಭೂಸಂಪರ್ಕಗಳು ಸೇರಿ ಎರಡೂವರೆ ಓಮ್ ದಾಟಬಾರದು. ಕೆಂಪು ಮಣ್ಣಿನಲ್ಲಿ ಒಂದೆರಡು ಪೈಪುಗಳಿಂದ ಇದನ್ನು ಸಾಧಿಸುವುದು ಆಗದ ಕೆಲಸ.

ಆದ್ದರಿಂದ ಅಳತೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಅಂಕಿಯೊಂದರಿಂದಲೇ ಹೇಳಲಾಗದು. ವಿದ್ಯುತ್ತನ್ನು ಕಡಿಯುವ ಸಾಧನ ಯಾವುದೆಂಬುದನ್ನು ಜೊತೆಗಿಟ್ಟುಕೊಂಡೇ ನೋಡಬೇಕು.

ಸೋರಿಕೆ ಕಡಿತಕದೊಡನೆ ಹೋಲಿಕೆ

ಅಂಗಡಿಗಳಲ್ಲಿ ಆರ್.ಸಿ.ಸಿ.ಬಿ. ಎಂಬ ಹೆಸರಿನಿಂದ ಸಿಗುವ ಸಾಧನವು ಫೇಸುಗಳಲ್ಲಿ ಹೋದ ವಿದ್ಯುತ್ತು ಹಿಂದಿರುಗಿತೇ ಎಂಬ ಲೆಕ್ಕವಿಡುತ್ತದೆ. ನೆಲಕ್ಕೆ ಸೋರಿದ ಪ್ರಮಾಣ ಅದರ ಮೇಲೆ ನಮೂದಿಸಿದ ಮಿತಿಯನ್ನು ಮುಟ್ಟಿದರೆ ಸೆಕೆಂಡಿನ ಒಂದು ಭಾಗದಲ್ಲಿ ಸರಬರಾಜನ್ನು ಕಡಿಯುತ್ತದೆ. 300 ಮಿಲಿಆಂಪಿಯರ್ ಎಂದರೆ 0.3 ಆಂಪಿಯರ್. ಮೇಲಿನ ಉದಾಹರಣೆಯಲ್ಲಿ ಏಪ್ರಿಲಿನ 4.3 ಆಂಪಿಯರ್ ಫ್ಯೂಸಿಗೆ ಲೆಕ್ಕಕ್ಕೇ ಇಲ್ಲ. ಈ ಸಾಧನಕ್ಕೆ ಅದು ಮಿತಿಯ ಹದಿನಾಲ್ಕು ಪಟ್ಟು. ತಂತಿ ತಾಗಿದೊಡನೆ ಸರಬರಾಜು ಕಡಿಯುತ್ತದೆ.

ಮಿತಿಗಿಂತ ಕಡಿಮೆಯಿರುವ ಸೋರಿಕೆ ಮಾತ್ರ ಹಾಗೆಯೇ ಉಳಿಯಬಹುದು. ಆಗ ಪೆಟ್ಟಿಗೆಯ ಮೇಲೆ ಹೆಚ್ಚೆಂದರೆ 0.3 ಗುಣಿಸು 46, ಅಂದರೆ ಸುಮಾರು 14 ವೋಲ್ಟ್ ನಿಲ್ಲುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ಓಡಾಡುವ, ದನಕರು ಕಟ್ಟುವ ಜಾಗದಲ್ಲಿ 25 ವೋಲ್ಟನ್ನು ಮೇಲಿನ ಎಲ್ಲೆಯೆಂದು ಇಟ್ಟುಕೊಂಡರೆ, 25ನ್ನು ಕಡಿತಕದ ಮಿತಿಯಿಂದ ಭಾಗಿಸಿದಾಗ ಗುಂಡಿಯ ಅತಿ ಹೆಚ್ಚಿನ ರೋಧ ಸಿಗುತ್ತದೆ. 300 ಮಿಲಿಆಂಪಿಯರಿನ ಸಾಧನಕ್ಕೆ 83 ಓಮ್. 100 ಮಿಲಿಆಂಪಿಯರಿನದಕ್ಕೆ 250 ಓಮ್. ಇದನ್ನು ಹೋಲಿಸಬೇಕಾದದ್ದು ಬೇಸಿಗೆಯ ಅಳತೆಯೊಡನೆ. ಈ ತೋಟದಲ್ಲಿ ಸೆಪ್ಟೆಂಬರಿನಿಂದ ಏಪ್ರಿಲಿಗೆ ರೋಧ ಸುಮಾರು ನಾಲ್ಕು ಪಟ್ಟಾಗಿದೆ. ಆದ್ದರಿಂದ ಇಲ್ಲಿ ಸೆಪ್ಟೆಂಬರಿನಲ್ಲಿಯೇ 25 ಓಮ್ ತೋರಿಸುವ ಗುಂಡಿಯನ್ನು 300 ಮಿಲಿಆಂಪಿಯರಿನ ಸಾಧನದ ಜೊತೆಗೂ ಒಪ್ಪಲಾಗದು. ಏಪ್ರಿಲಿನಲ್ಲಿ ಅದು 100 ಓಮ್ ತಲುಪೀತು. ಈ ನಾಲ್ಕು ಪಟ್ಟು ಎಂಬುದು ಎಲ್ಲ ಹೊಲಗಳಿಗೂ ಹೊಂದುವ ಲೆಕ್ಕವಲ್ಲ. ತಂತಮ್ಮ ಗುಂಡಿಯಲ್ಲಿ ಒಂದು ವರ್ಷ ಅಳೆದೇ ಅದನ್ನು ತಿಳಿಯಬೇಕು.

ಈ ಸಾಧನದ ಬಗ್ಗೆ ಎರಡು ಎಚ್ಚರಿಕೆಗಳಿವೆ. 100 ಅಥವಾ 300 ಮಿಲಿಆಂಪಿಯರಿನ ಕಡಿತಕವು ಬರಿಯ ಫೇಸ್ ತಂತಿಯನ್ನೇ ನೇರವಾಗಿ ಮುಟ್ಟಿದವನನ್ನು ಉಳಿಸಲಾರದು. ಅದಕ್ಕೆ 30 ಮಿಲಿಆಂಪಿಯರಿನದು ಬೇಕು. ಅಲ್ಲದೆ ಪಂಪುಮನೆಗೆ ನ್ಯೂಟ್ರಲ್ ತಂತಿ ಬಾರದ ಕಡೆ, ಸಾಧನದ ಪರೀಕ್ಷಾ ಗುಂಡಿ ಕೆಲಸ ಮಾಡಬೇಕಾದರೆ ತಯಾರಕರ ಚಿತ್ರದಂತೆಯೇ ತಂತಿ ಜೋಡಿಸಬೇಕು. ಗುಂಡಿ ಒತ್ತಿದಾಗ ಕಡಿಯದ ಸಾಧನ ಇದ್ದೂ ಇಲ್ಲದಂತೆ.

ಬೇಸಿಗೆಯ ಏರಿಕೆಯೋ, ದೋಷವೋ?

ಬೇಸಿಗೆಯ ಏರಿಕೆ ಮಳೆ ಬಿದ್ದ ಮೇಲೆ ಇಳಿಯುತ್ತದೆ. ದೋಷದ ಏರಿಕೆ ಇಳಿಯುವುದಿಲ್ಲ. ಆದ್ದರಿಂದ ಏಪ್ರಿಲಿನ ಅಳತೆಯನ್ನು ಹಿಂದಿನ ಏಪ್ರಿಲಿನೊಡನೆ, ಸೆಪ್ಟೆಂಬರಿನದನ್ನು ಹಿಂದಿನ ಸೆಪ್ಟೆಂಬರಿನೊಡನೆ ಹೋಲಿಸಬೇಕೇ ಹೊರತು ಏಪ್ರಿಲನ್ನು ಸೆಪ್ಟೆಂಬರಿನೊಡನೆ ಹೋಲಿಸಿ ಗಾಬರಿಪಡಬಾರದು. ಏಪ್ರಿಲಿನಲ್ಲಿ 46 ಇದ್ದದ್ದು ಮುಂದಿನ ಏಪ್ರಿಲಿನಲ್ಲಿ 48 ಆದರೆ ಅದು ಆ ವರ್ಷದ ಮಳೆಯ ವ್ಯತ್ಯಾಸ. ಸೆಪ್ಟೆಂಬರಿನ ಅಳತೆಗಳು 12, 15, 21 ಎಂದು ವರ್ಷದಿಂದ ವರ್ಷಕ್ಕೆ ಏರಿದರೆ ಗುಂಡಿಯೇ ಸೊರಗುತ್ತಿದೆ. ಹಾಕಿದ ಉಪ್ಪನ್ನು ಮಳೆನೀರು ತೊಳೆದುಕೊಂಡು ಹೋಗಿರಬಹುದು. ಇಲ್ಲವೇ ಅದೇ ಉಪ್ಪು ಪೈಪನ್ನು ತಿಂದಿರಬಹುದು.

ಎರಡನೆಯ ಪರೀಕ್ಷೆ ತಂತಿಗೆ ಸಂಬಂಧಿಸಿದ್ದು. ಮೊದಲು ಪೈಪಿನಲ್ಲಿಯೇ ಅಳೆದು, ಬಳಿಕ ತಂತಿಯನ್ನು ಮರಳಿ ಕಟ್ಟಿ ಮೋಟಾರಿನ ಮೈಯಿಂದ ಅಳೆಯಬೇಕು. ಈ ಹೊತ್ತಿನಲ್ಲಿಯೂ ಫ್ಯೂಸುಗಳು ಜೇಬಿನಲ್ಲಿಯೇ ಇರಬೇಕು. ಎರಡಕ್ಕೂ ಒಂದು ಓಮಿನಷ್ಟೂ ವ್ಯತ್ಯಾಸ ಬರಬಾರದು. ಪೈಪಿನಲ್ಲಿ 46, ಮೋಟಾರಿನಲ್ಲಿ 58 ಬಂದರೆ ಆ 12 ಓಮ್ ಮಣ್ಣಿನದಲ್ಲ. ತುಕ್ಕು ಹಿಡಿದ ನಟ್ಟು ಬೋಲ್ಟು ಅಥವಾ ಸಡಿಲವಾದ ಕಟ್ಟಿನದು. ಬಿಚ್ಚಿ, ಉಜ್ಜಿ, ಬಿಗಿಮಾಡಿದರೆ ಅದೇ ದಿನ ಹೋಗುತ್ತದೆ.

ಮೂರನೆಯದು ನೀರಿನ ಪರೀಕ್ಷೆ. ಬೇಸಿಗೆಯ ಅಳತೆಯನ್ನು ಬರೆದುಕೊಂಡ ನಂತರ ಗುಂಡಿಗೆ ಐದಾರು ಕೊಡ ನೀರನ್ನು ನಿಧಾನವಾಗಿ ಇಂಗಿಸಿ ಮರುದಿನ ಅಳೆಯಬೇಕು. ಅಳತೆ ಚೆನ್ನಾಗಿ ಇಳಿದರೆ ಒಣಗಿದ್ದೇ ಕಾರಣ. ಬಹುಮಟ್ಟಿಗೆ ಹಾಗೆಯೇ ಉಳಿದರೆ ಪೈಪು ನೆಲದೊಳಗೆ ಸವೆದು ತುಂಡಾಗಿರುವ ಸಂಭವವಿದೆ, ಅಗೆದು ನೋಡಬೇಕು.

ಕೊಳವೆಬಾವಿಗಳಲ್ಲಿ ಇನ್ನೊಂದು ಸಂಗತಿ ಮೋಸಮಾಡುತ್ತದೆ. ಕಬ್ಬಿಣದ ಕೇಸಿಂಗು, ನೀರಿನಲ್ಲಿ ಮುಳುಗಿದ ಜಿ.ಐ. ಪೈಪು ಇದ್ದಲ್ಲಿ ಅವೇ ಒಳ್ಳೆಯ ಭೂಸಂಪರ್ಕವಾಗಿ, ಮೋಟಾರಿನ ಕಡೆಯಿಂದ ಅಳೆದಾಗ ಗುಂಡಿಯ ದೌರ್ಬಲ್ಯ ಕಾಣಿಸುವುದಿಲ್ಲ. ಮುಂದೆ ಜಿ.ಐ. ಪೈಪು ತೆಗೆದು ಪ್ಲಾಸ್ಟಿಕ್ ಪೈಪು ಇಳಿಸಿದ ದಿನ ಆ ಆಸರೆ ತಪ್ಪಿ ಅಳತೆ ಥಟ್ಟನೆ ಏರುತ್ತದೆ. ಪೈಪು ಬದಲಾಯಿಸಿದ ಮೇಲೆ ಗುಂಡಿಯನ್ನು ಬಿಡಿಯಾಗಿ ಅಳೆಯುವುದು ಇದರಿಂದಲೇ ಅಗತ್ಯ.

ಅಳತೆ ಇಳಿಸುವ ಬಗೆ

ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವುದು ಒಳ್ಳೆಯದೇ. ಆದರೆ ಅದರ ಫಲ ಕೆಲವೇ ದಿನಗಳದ್ದು. ಮೇಲಿನ ತೋಟದಂತಹ ಕಡೆ ಕೆಲಸಗಾರ ಊರಿಗೆ ಹೋದ ವಾರವೇ ಗುಂಡಿ ಮತ್ತೆ ಒಣಗುತ್ತದೆ. ಬಾಳಿಕೆಯ ಉಪಾಯವೆಂದರೆ ವರ್ಷವೆಲ್ಲ ತೇವವಿರುವ ಆಳಕ್ಕೆ ಪೈಪನ್ನು ಇಳಿಸುವುದು. ಒಂದೇ ಬಗೆಯ ಮಣ್ಣಿನಲ್ಲಿಯೂ ಎರಡೂವರೆ ಮೀಟರ್ ಪೈಪಿನ ಬದಲು ನಾಲ್ಕು ಮೀಟರ್ ಪೈಪು ಹಾಕಿದರೆ 46 ಓಮ್ ಇದ್ದದ್ದು ಸುಮಾರು 31ಕ್ಕೆ ಇಳಿಯುತ್ತದೆ. ಕೆಳಗಿನ ಮಣ್ಣು ತೇವವಾಗಿದ್ದರೆ ಇನ್ನೂ ಇಳಿಯುವುದಲ್ಲದೆ ಮಳೆಗಾಲಕ್ಕೂ ಬೇಸಿಗೆಗೂ ಇರುವ ಅಂತರವೂ ಕಿರಿದಾಗುತ್ತದೆ.

ಬಂಡೆ ಅಡ್ಡಬಂದು ಆಳಕ್ಕೆ ಇಳಿಯಲಾಗದಿದ್ದರೆ ಇನ್ನೊಂದು ಪೈಪು ಹಾಕಿ ಎರಡನ್ನೂ ಜೋಡಿಸಬೇಕು. ಎರಡರ ನಡುವೆ ಪೈಪಿನ ಉದ್ದದ ಎರಡರಷ್ಟು, ಅಂದರೆ 5 ಮೀಟರ್ ಅಂತರವಿರಬೇಕು. ಹತ್ತಿರ ಹಾಕಿದರೆ ಎರಡೂ ಅದೇ ಮಣ್ಣನ್ನು ಹಂಚಿಕೊಳ್ಳುವುದರಿಂದ ಫಲ ಕಡಿಮೆ. ಸರಿಯಾದ ಅಂತರವಿದ್ದರೂ ಅಳತೆ ಪೂರ್ತಿ ಅರ್ಧವಾಗುವುದಿಲ್ಲ. 46 ಇದ್ದದ್ದು 26ರ ಆಸುಪಾಸಿಗೆ ಬರುತ್ತದೆ. ತೊಟ್ಟಿಯ ನೀರು ಹರಿದುಹೋಗುವ ಕಾಲುವೆಯ ಬದಿಯಲ್ಲಿ ಎರಡನೆಯ ಗುಂಡಿ ತೋಡಿದರೆ ಬೇರೆಯಾಗಿ ನೀರು ಹೊರುವ ಕೆಲಸವಿಲ್ಲ. ಪೈಪಿನ ಸುತ್ತ ಉಪ್ಪಿನ ಬದಲು ಬೆಂಟೊನೈಟ್ ಜೇಡಿಯನ್ನು ತುಂಬಿದರೆ ಅದು ತೇವವನ್ನು ಹಿಡಿದಿಡುತ್ತದೆ, ಪೈಪನ್ನು ಉಪ್ಪಿನಂತೆ ತಿನ್ನುವುದಿಲ್ಲ. ಆದರೆ ಪೂರ್ತಿ ಒಣಗಿದರೆ ಅದೂ ಎರೆಮಣ್ಣಿನಂತೆ ಕುಗ್ಗಿ ಪೈಪಿನಿಂದ ಬಿಡಿಸಿಕೊಳ್ಳುತ್ತದೆ.

ಅಳತೆಗಳನ್ನು ಪಂಪುಮನೆಯ ಬಾಗಿಲ ಹಿಂದೆ ಬಣ್ಣದಲ್ಲಿ ಬರೆದಿಡುವುದು ಲೇಸು. ತಿಂಗಳು, ವರ್ಷ, ಪೈಪಿನಲ್ಲಿ ಅಳೆದ ಓಮ್, ಮೋಟಾರಿನಲ್ಲಿ ಅಳೆದ ಓಮ್, ಕೊನೆಯ ಮಳೆ ಅಥವಾ ನೀರು ಹಾಕಿದ ದಿನ – ಇಷ್ಟಿದ್ದರೆ ಸಾಕು. ವರ್ಷಕ್ಕೆ ಎರಡೇ ಸಲ ಅಳೆಯಲು ಸಾಧ್ಯವಾದರೆ ಏಪ್ರಿಲ್ ಕೊನೆಯಲ್ಲಿ, ಮುಂಗಾರಿಗೆ ಮುನ್ನ ಬೀಳುವ ದೊಡ್ಡ ಮಳೆಗೆ ಮೊದಲು ಒಮ್ಮೆ ಮತ್ತು ಸೆಪ್ಟೆಂಬರಿನಲ್ಲಿ ಒಮ್ಮೆ ಅಳೆಯಬೇಕು. ಒಂದೇ ಸಲವೆಂದಾದರೆ ಏಪ್ರಿಲಿನಲ್ಲಿಯೇ ಅಳೆಯಬೇಕು.